ಹಾಸ್ಟೆಲ್‌ನಲ್ಲಿ ಕೆಲವು ರೂಮಿಗೆ ಮಾತ್ರ ನೆಟ್ ಇಲ್ಲ, ವೈಫೈ ಗುರುತು ಪೂರ್ತಿ ತೋರಿಸ್ತದ. ಏನು ಕಾರಣ ಇರಬಹುದು?

ರಾಯಚೂರು_ಹಾಸ್ಟೆಲ್

ಎಲ್ಲರಿಗೂ ನಮಸ್ಕಾರ. ರಾಯಚೂರಿನ ಒಂದು ಹುಡುಗರ ಹಾಸ್ಟೆಲಿನ ನೆಟ್ ನೋಡಿಕೊಳ್ಳೋ ಕೆಲಸ ನನ್ನ ಮೇಲದ. ಮೂರು ಮಹಡಿ, ಮಹಡಿಗೆ 12 ರೂಮು. ಮೇನ್ ರೌಟರ್ ವಾರ್ಡನ್ ಆಫೀಸಿನಾಗ ಅದ. ಅಲ್ಲಿಂದ ಮಹಡಿಗೊಂದು ಕೇಬಲ್ ಹೋಗ್ತದ, ಮಹಡಿಯಾಗ 24 ಪೋರ್ಟಿನ ಸಾದಾ ಸ್ವಿಚ್. ಅದರಿಂದ ಪ್ರತಿ ರೂಮಿಗೂ ಗೋಡೆಯಾಗ ಒಂದು ನೆಟ್ ಪಾಯಿಂಟ್, ವರಾಂಡದಾಗ ಎರಡು ವೈಫೈ ಡಬ್ಬಿ.

ಒಂದು ವಾರದಿಂದ ಕೆಲವು ರೂಮಿನವರಿಗೆ ನೆಟ್ ಬರವಲ್ದು. ಇಂಥಾದ್ದೇ ರೂಮು ಅಂತಿಲ್ಲ. ಇವತ್ತು 14, 22, 31 ಅಂದ್ರ ನಾಳೆ 9, 22, 27. ಒಂದೇ ರೂಮಿನಾಗ ಒಬ್ಬನ ಫೋನ್ ಸರಿ ನಡೀತದ, ಪಕ್ಕದ ಮಂಚದವನ ಲ್ಯಾಪ್‌ಟಾಪಿಗೆ ಇಲ್ಲ. ಕರೆಂಟ್ ಹೋಗಿ ಬಂದ ಮ್ಯಾಲೆ ಇನ್ನೂ ಹೆಚ್ಚು. ಮೇನ್ ರೌಟರ್ ಆಫ್ ಮಾಡಿ ಆನ್ ಮಾಡಿದ್ರ ಕೆಲವರಿಗೆ ಬರ್ತದ, ಸರಿ ಇದ್ದವರಿಗೆ ಹೋಗ್ತದ. ಮುಂದಿನ ವಾರ ಪರೀಕ್ಷಾ ಫಾರ್ಮ್ ತುಂಬೋದು ಅದ. ಎಲ್ಲಿಂದ ಹುಡುಕಬೇಕು ಹೇಳ್ರಿ.

ಮಸ್ಕಿ_ಮಂಜು

ಲೈನ್ ಕೊಟ್ಟ ಕಂಪನಿಯವರದೇ ತಪ್ಪು. ಕಂಪ್ಲೇಂಟ್ ಹಾಕ್ರಿ, ಹುಡುಕೋದು ಅವರ ಕೆಲಸ.

ಬಳ್ಳಾರಿ_ಕೇಬಲ್

ಮಂಜು, ಹೊರಗಿನ ಲೈನ್ ಬಿದ್ದಿದ್ರೆ 36 ರೂಮಿಗೂ ಒಟ್ಟಿಗೇ ಹೋಗಬೇಕಿತ್ತು. ಒಂದೇ ರೂಮಲ್ಲಿ ಒಂದು ನಡೆದು ಒಂದು ನಿಂತೈತೆ ಅಂದ್ರೆ ತೊಂದರೆ ಕಟ್ಟಡದ ಒಳಗೇ ಐತೆ. ಕಂಪನಿಯ ಹುಡುಗ ಬಂದು ಆಫೀಸಿನ ರೌಟರ್ ಹತ್ರ ಸ್ಪೀಡ್ ತೋರಿಸಿ ಸಹಿ ಮಾಡಿಸ್ಕೊಂಡು ಹೋಗ್ತಾನೆ, ಅಷ್ಟೇ.

ನನ್ನ ಅನುಮಾನ ಲೂಪ್ ಮೇಲೆ. ಯಾವನೋ ಒಂದೇ ಸ್ವಿಚ್ಚಿನ ಎರಡು ಪೋರ್ಟಿಗೆ ಒಂದೇ ಕೇಬಲ್ಲಿನ ಎರಡು ತುದಿ ಚುಚ್ಚಿರಬೇಕು. ಮಹಡಿ ಸ್ವಿಚ್ಚಿನ ದೀಪ ನೋಡಿ.

ಸಿರುಗುಪ್ಪ_ಶಿವು

ಲೂಪ್ ಅಲ್ಲ, ರೌಟರ್ ಹಂಚೋ ಐಪಿ ಅಡ್ರೆಸ್ ಖಾಲಿಯಾಗಿದೆ. ಈಗಿನ ಫೋನುಗಳು ವೈಫೈಗೆ ತಮ್ಮ ಗುರುತಿನ ನಂಬರ್, ಅಂದ್ರೆ ನಿಜವಾದ ಮ್ಯಾಕ್ ಅಡ್ರೆಸ್ ಹೇಳೋದಿಲ್ಲ, ಬೇರೆ ಒಂದು ಹೇಳ್ತವೆ. ಪ್ರತಿ ಸಲ ಹೊಸ ಅಡ್ರೆಸ್ ಹೇಳಿ ಹೊಸ ಐಪಿ ತಗೊಂಡು ಪಟ್ಟಿ ತುಂಬಿಸಿಬಿಡ್ತವೆ. ಕೊನೆಗೆ ಬಂದವರಿಗೆ ಸಿಗೋದಿಲ್ಲ. ಎಲ್ಲರ ಫೋನಲ್ಲೂ ಅದನ್ನ ಬಂದ್ ಮಾಡಿಸಿ.

ಗಂಗಾವತಿ_ತಂತಿ

ಶಿವು ಹೇಳೋದರಾಗ ಅರ್ಧ ಖರೆ ಐತಿ. ಆದ್ರ ಆಂಡ್ರಾಯ್ಡ್ 10ರಿಂದ ಈಚೆಗೆ ಸಾಮಾನ್ಯವಾಗಿ ಒಂದು ವೈಫೈ ಹೆಸರಿಗೆ ಒಂದೇ ಬದಲಿ ಅಡ್ರೆಸ್ ಇರ್ತೈತಿ, ದಿನಾ ಬದಲಾಗಂಗಿಲ್ಲ. ಅದೂ ಅಲ್ದ, ಪಟ್ಟಿ ಖಾಲಿ ಆಗಿದ್ರ ವಿಂಡೋಸ್ ಲ್ಯಾಪ್‌ಟಾಪಿಗೆ 169.254 ಅಂತ ಶುರುವಾಗೋ ಅಡ್ರೆಸ್ ಬರ್ತೈತಿ, ಫೋನ್ "ಐಪಿ ಪಡೆಯಲಾಗುತ್ತಿದೆ" ಅಂತ ತಿರುಗಕೋತ ನಿಂತ್‌ಬಿಡ್ತೈತಿ. ಇಲ್ಲಿ ಹಂಗಾಗೈತೋ ಇಲ್ಲೋ ಮೊದಲು ನೋಡೋಣ.

ಹಾಸ್ಟೆಲ್ ಸರ್, ನೆಟ್ ಇಲ್ಲದ ಒಂದು ಲ್ಯಾಪ್‌ಟಾಪ್, ನೆಟ್ ಇರೋ ಒಂದು ಲ್ಯಾಪ್‌ಟಾಪ್, ಎರಡರಾಗೂ ಈ ಕಮಾಂಡ್ ಕೊಟ್ಟು ಬಂದದ್ದನ್ನ ಇಲ್ಲಿ ಹಾಕ್ರಿ:

```
ipconfig /all
```

ಅದರಾಗ ಮೂರು ಸಾಲು ಸಾಕು: `IPv4 Address`, `Default Gateway`, `DHCP Server`. ಯಾವುದನ್ನೂ ರೀಸ್ಟಾರ್ಟ್ ಮಾಡಬ್ಯಾಡ್ರಿ. ಈಗ ರೀಸ್ಟಾರ್ಟ್ ಮಾಡಿದ್ರ ಗುರುತು ಅಳಿಸಿ ಹೋಗ್ತೈತಿ.

ಕುಷ್ಟಗಿ_ಹುಡುಗ

ನಂದೂ ಹಾಸ್ಟೆಲ್ ಪ್ರಾಬ್ಲಂ ಅಣ್ಣಾ. ಕೊಪ್ಪಳದಾಗ ಇರೋದು. ನನ್ನ ಫೋನಿನ ಡೇಟಾ ರಾತ್ರಿ ಹತ್ತಕ್ಕೇ ಮುಗೀತೈತಿ, ನಾನು ಏನೂ ನೋಡಿರಂಗಿಲ್ಲ. ಲ್ಯಾಪ್‌ಟಾಪಿಗೆ ಹಾಟ್‌ಸ್ಪಾಟ್ ಕೊಟ್ಟಿರ್ತೀನಿ ಅಷ್ಟ. ಇದೂ ರೌಟರ್ ಸಮಸ್ಯೆನಾ?

ಬಳ್ಳಾರಿ_ಕೇಬಲ್

ತಮ್ಮಾ, ಅದು ಬೇರೆ ವಿಷಯ. ಬೇರೆ ಪ್ರಶ್ನೆ ಹಾಕು.

ರಾಯಚೂರು_ಹಾಸ್ಟೆಲ್

ಸ್ವಿಚ್ಚಿನ ದೀಪ ಸಾಮಾನ್ಯವಾಗೇ ಮಿನುಗ್ತಾವ. ಮೇನ್ ರೌಟರಿನ ಪಟ್ಟಿ ನೋಡಿದೆ, 201ರೊಳಗ 141 ಕೊಟ್ಟದ, 60 ಖಾಲಿ ಅದಾವ. ಎರಡೂ ಲ್ಯಾಪ್‌ಟಾಪಿಂದು ಇಲ್ಲಿದೆ.

22ನೇ ರೂಮು, ನೆಟ್ ಇಲ್ಲ:

```
IPv4 Address    : 192.168.0.104
Default Gateway : 192.168.0.1
DHCP Server     : 192.168.0.1
```

23ನೇ ರೂಮು, ನೆಟ್ ಅದ:

```
IPv4 Address    : 192.168.10.87
Default Gateway : 192.168.10.1
DHCP Server     : 192.168.10.1
```

ನಮ್ಮ ಮೇನ್ ರೌಟರ್ 192.168.10.1. ಆ 192.168.0.1 ಅನ್ನೋದು ನಾವು ಎಲ್ಲೂ ಇಟ್ಟಿಲ್ಲ.

ಗಂಗಾವತಿ_ತಂತಿ

ಸಿಕ್ತು ನೋಡ್ರಿ. ನಿಮ್ಮ ಹಾಸ್ಟೆಲಿನಾಗ ಎರಡನೇ ರೌಟರ್ ಒಂದು ಕುಂತೈತಿ. ಯಾರೋ ಮನೆಗೆ ಹಾಕೋ ಸಣ್ಣ ವೈಫೈ ರೌಟರ್ ತಂದು ಗೋಡೆಯ ಪಾಯಿಂಟಿಗೆ ಹಚ್ಯಾರ. ಹಚ್ಚೋದು ತಪ್ಪಲ್ಲ, ತಪ್ಪು ತೂತಿಗೆ ಹಚ್ಯಾರ. ಗೋಡೆಯಿಂದ ಬರೋ ಕೇಬಲ್ ಬೇರೆ ಬಣ್ಣದ ಒಂಟಿ ವ್ಯಾನ್ ಪೋರ್ಟಿಗೆ ಹೋಗಬೇಕಿತ್ತು, ಸಾಲಾಗಿರೋ ನಾಲ್ಕು ಲ್ಯಾನ್ ಪೋರ್ಟಿನಾಗ ಒಂದಕ್ಕೆ ಹೋಗೈತಿ. 192.168.0.1 ಅನ್ನೋದು ಬಾಳ ಸಣ್ಣ ರೌಟರುಗಳಿಗೆ ಕಾರ್ಖಾನೆಯಿಂದ ಬರೋ ಅಡ್ರೆಸ್.

ಈಗ ಏನಾಗ್ತೈತಿ ಅಂದ್ರ, ಫೋನೋ ಲ್ಯಾಪ್‌ಟಾಪೋ ನೆಟ್‌ವರ್ಕಿಗೆ ಸೇರಿದ ಕೂಡಲೇ "ನನಗೊಂದು ಅಡ್ರೆಸ್ ಕೊಡ್ರೋ" ಅಂತ ಎಲ್ಲರಿಗೂ ಕೇಳೋಹಂಗ ಕೂಗ್ತೈತಿ. ಯಾರಿಗೆ ಕೇಳಬೇಕು ಅಂತ ಅದಕ್ಕ ಗೊತ್ತಿರಂಗಿಲ್ಲ. ಆ ಕೂಗು ಸಾದಾ ಸ್ವಿಚ್ ದಾಟಿ ಮೂರೂ ಮಹಡಿಗೆ ಮುಟ್ತೈತಿ. ಎರಡೂ ರೌಟರ್ ಉತ್ತರ ಕೊಡ್ತಾವ, ಮೊದಲು ಬಂದ ಉತ್ತರ ಸಾಮಾನ್ಯವಾಗಿ ಗೆಲ್ತೈತಿ. ಸಣ್ಣದು ಗೆದ್ರ ಅಡ್ರೆಸ್ 192.168.0.ಏನೋ ಒಂದು, ಗೇಟ್‌ವೇ 192.168.0.1. ಆ ಗೇಟ್‌ವೇಗೆ ಹೊರಗೆ ಹೋಗೋ ದಾರಿನೇ ಇಲ್ಲ, ಅದರ ವ್ಯಾನ್ ಪೋರ್ಟ್ ಖಾಲಿ ಐತಿ. ಹಿಂಗಾಗಿ ವೈಫೈ ಗುರುತು ಪೂರ್ತಿ ಇರ್ತೈತಿ, ನೆಟ್ ಇರಂಗಿಲ್ಲ.

ಸಿರುಗುಪ್ಪ_ಶಿವು

ಒಪ್ಪಿದೆ, 60 ಖಾಲಿ ಇದ್ರೆ ನನ್ನ ಮಾತು ನಿಲ್ಲೋದಿಲ್ಲ. ಆದರೆ ಒಂದು ಪ್ರಶ್ನೆ. ಹತ್ತಿರದ ರೌಟರ್ ಮೊದಲು ಉತ್ತರ ಕೊಡಬೇಕಲ್ಲ? ಹಾಗಾದ್ರೆ ಸಣ್ಣ ರೌಟರಿನ ಅಕ್ಕಪಕ್ಕದ ರೂಮು ಮಾತ್ರ ಹೋಗಬೇಕಿತ್ತು. 9ನೇ ರೂಮು ಬೇರೆ ಮಹಡಿ, 31 ಇನ್ನೊಂದು ಮಹಡಿ.

ಗಂಗಾವತಿ_ತಂತಿ

ಒಳ್ಳೆ ಪ್ರಶ್ನೆ. 50 ಮೀಟರ್ ಕೇಬಲ್ ದಾಟೋಕೆ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕಿಂತ ಕಡಿಮೆ ಹೊತ್ತು ಬೇಕು. ದೂರ ಇಲ್ಲಿ ಲೆಕ್ಕಕ್ಕೇ ಬರಂಗಿಲ್ಲ. ಉತ್ತರ ಕೊಡೋ ಯಂತ್ರ ಎಷ್ಟು ಹೊತ್ತು ಯೋಚನೆ ಮಾಡ್ತೈತಿ ಅನ್ನೋದೇ ಲೆಕ್ಕ. ಕೆಲವು ರೌಟರುಗಳು ಹೊಸಬರಿಗೆ ಅಡ್ರೆಸ್ ಕೊಡೋ ಮುಂಚೆ "ಈ ಅಡ್ರೆಸಿನಾಗ ಈಗಾಗಲೇ ಯಾರರ ಅದಾರೇನು" ಅಂತ ಪಿಂಗ್ ಮಾಡಿ ಕಾಯ್ತಾವ. ಅದಕ್ಕ ಅರ್ಧ ಸೆಕೆಂಡೋ ಒಂದು ಸೆಕೆಂಡೋ ಹಿಡೀತೈತಿ. ಮೇನ್ ರೌಟರ್ ಹಂಗ ಕಾಯೋದಾಗಿದ್ದು ಸಣ್ಣದು ಕಾಯದೇ ಇದ್ರ, ಹೊಸ ಲ್ಯಾಪ್‌ಟಾಪ್ ಯಾವ ಮಹಡಿಯಾಗಿದ್ರೂ ಸಣ್ಣದರ ಪಾಲಾಗ್ತೈತಿ.

ಮೊದಲೇ ಸರಿಯಾದ ಅಡ್ರೆಸ್ ಇದ್ದವನ ಕತೆ ಬೇರೆ. ಅವನ ಫೋನ್ ವಾಪಸ್ ಬಂದಾಗ "ನನಗ ಮೊದಲಿಂದ 192.168.10.87 ಇತ್ತು, ಅದನ್ನೇ ಕೊಡ್ರಿ" ಅಂತ ಕೇಳ್ತೈತಿ. ಮೇನ್ ರೌಟರ್ "ಆಯ್ತು" ಅಂತೈತಿ. ಹಿಂಗಾಗಿ ಒಂದೇ ರೂಮಿನಾಗ ಒಬ್ಬನಿಗೆ ಐತಿ, ಒಬ್ಬನಿಗೆ ಇಲ್ಲ. ಹಳಬರಿಗೆ ನಡೀತೈತಿ, ಹೊಸದಾಗಿ ಸೇರಿದ ಯಂತ್ರಕ್ಕೆ ಕೈ ಕೊಡ್ತೈತಿ.

ಬಳ್ಳಾರಿ_ಕೇಬಲ್

ಲೂಪ್ ಅಂದದ್ದು ತಪ್ಪಾಯ್ತು. ಲೂಪ್ ಇದ್ದಿದ್ರೆ ಎಲ್ಲ ದೀಪ ಒಂದೇ ಸಮ ಹುಚ್ಚೆದ್ದು ಮಿನುಗಿ ಇಡೀ ಕಟ್ಟಡ ಮಲಗಬೇಕಿತ್ತು.

ಆದ್ರೆ ಕರೆಂಟ್ ಹೋಗಿ ಬಂದಾಗ ಹೆಚ್ಚಾಗೋದು ಯಾಕೆ? ಹಳೇ ಅಡ್ರೆಸನ್ನೇ ಕೇಳ್ತವೆ ಅಂದ್ರೆ ಆಗ ಸರಿ ಇರಬೇಕಲ್ಲ.

ಸಿಂಧನೂರು_ಲ್ಯಾಬ್

ಅದಕ್ಕೆ ನಾನು ಹೇಳುತ್ತೇನೆ. ಕರೆಂಟ್ ಬಂದಾಗ ಮಹಡಿ ಸ್ವಿಚ್ಚು, ವೈಫೈ ಡಬ್ಬಿ ಎಲ್ಲವೂ ಒಟ್ಟಿಗೆ ಏಳುತ್ತವೆ. ನೂರಾರು ಫೋನು, ಲ್ಯಾಪ್‌ಟಾಪು ಒಂದೇ ನಿಮಿಷದಲ್ಲಿ ಅಡ್ರೆಸ್ ಕೇಳುತ್ತವೆ. ಸಣ್ಣ ರೌಟರ್ ಸಾಮಾನ್ಯವಾಗಿ ಬೇಗ ಏಳುತ್ತದೆ, ಆಫೀಸಿನ ದೊಡ್ಡದಕ್ಕೆ ಎರಡು ಮೂರು ನಿಮಿಷ ಬೇಕಾಗಬಹುದು. ಆ ಸಮಯದಲ್ಲಿ ಉತ್ತರ ಕೊಡಲು ಸಣ್ಣದು ಒಂದೇ ಇರುತ್ತದೆ, ಸ್ಪರ್ಧೆಯೇ ಇಲ್ಲ.

ಇನ್ನೊಂದು ವಿಷಯ ಗಮನಿಸಿ. 192.168.10.87 ಬೇಕು ಎಂದು ಕೇಳಿದ ಫೋನಿಗೆ ಸಣ್ಣ ರೌಟರ್ ಕೆಲವೊಮ್ಮೆ ಸುಮ್ಮನೆ ಇರುವುದಿಲ್ಲ. "ಈ ನೆಟ್‌ವರ್ಕಿನಲ್ಲಿ ಅಂಥ ಅಡ್ರೆಸ್ಸೇ ಇಲ್ಲ" ಎಂದು ನಿರಾಕರಣೆ ಕಳಿಸುತ್ತದೆ. ಇಲ್ಲಿ ತಾನೇ ಅಧಿಕಾರಿ ಎಂದು ಅದು ನಂಬಿಕೊಂಡಿರುತ್ತದೆ. ಆ ನಿರಾಕರಣೆ ಬಂದ ತಕ್ಷಣ ಫೋನ್ ತನ್ನ ಒಳ್ಳೆಯ ಅಡ್ರೆಸ್ ಬಿಟ್ಟು ಹೊಸದಾಗಿ ಕೇಳಲು ಶುರು ಮಾಡುತ್ತದೆ. ಸರಿ ಇದ್ದವರೂ ಕೆಡುವುದು ಹೀಗೆ. ಆದ್ದರಿಂದ ಮೇನ್ ರೌಟರನ್ನು ಪದೇ ಪದೇ ಆಫ್ ಮಾಡಬೇಡಿ ಸರ್. ನೀವು ಅದನ್ನು ಆಫ್ ಮಾಡಿದ ಪ್ರತಿ ಸಲವೂ ಆ ಕೆಲವು ನಿಮಿಷ ಇಡೀ ಹಾಸ್ಟೆಲನ್ನು ಸಣ್ಣ ರೌಟರಿನ ಕೈಗೆ ಕೊಟ್ಟ ಹಾಗೆ.

ರಾಯಚೂರು_ಹಾಸ್ಟೆಲ್

ಈಗ ತಿಳೀತು ಮೇಡಂ. ದಿನಕ್ಕ ಮೂರು ನಾಲ್ಕು ಸಲ ಅದನ್ನೇ ಮಾಡ್ತಿದ್ದೆ.

36 ರೂಮಿನಾಗ ಅದನ್ನ ಹುಡುಕೋದು ಹೆಂಗ? ಬಾಗಿಲು ಬಡಿದು ಕೇಳಿದ್ರ ಯಾರೂ ಒಪ್ಪಂಗಿಲ್ಲ. ದಂಡ ಹಾಕ್ತಾರ ಅಂತ ಹೆದರ್ತಾರ.

ಸಿರುಗುಪ್ಪ_ಶಿವು

ಹುಡುಕೋದು ಯಾಕೆ? ಕೆಟ್ಟ ಅಡ್ರೆಸ್ ಬಂದಿರೋ ಲ್ಯಾಪ್‌ಟಾಪಿನ ಬ್ರೌಸರಲ್ಲಿ 192.168.0.1 ಹೊಡೀರಿ, ರೌಟರಿನ ಪುಟ ತೆರೆಯುತ್ತೆ. ಪಾಸ್‌ವರ್ಡ್ ಬಹಳಷ್ಟು ಜನ ಬದಲಿಸಿರಲ್ಲ. ಒಳಗೆ ಹೋಗಿ ಅಡ್ರೆಸ್ ಹಂಚೋ ಡಿಎಚ್‌ಸಿಪಿ ಬಂದ್ ಮಾಡಿ ಸೇವ್ ಮಾಡಿದ್ರೆ ಎರಡು ನಿಮಿಷದ ಕೆಲಸ.

ಸಿಂಧನೂರು_ಲ್ಯಾಬ್

ಇದನ್ನು ನಾನು ಒಪ್ಪುವುದಿಲ್ಲ. ಬೇರೆಯವರ ಯಂತ್ರಕ್ಕೆ ಅವರಿಗೆ ಹೇಳದೆ ಪಾಸ್‌ವರ್ಡ್ ಊಹಿಸಿ ಒಳಗೆ ಹೋಗುವುದು ಸರಿಯಲ್ಲ, ನೆಟ್ ನೋಡಿಕೊಳ್ಳುವವರಾದರೂ ಅಷ್ಟೇ. ಪುಟ ತೆರೆದು ಮೇಲೆ ಬರೆದಿರುವ ಕಂಪನಿ, ಮಾಡೆಲ್ ನೋಡಿಕೊಳ್ಳಿ, ಅಲ್ಲಿಗೆ ನಿಲ್ಲಿಸಿ.

ಸಿರುಗುಪ್ಪ_ಶಿವು

ಮೇಡಂ, ಒಬ್ಬನ ರೌಟರಿಂದ ನೂರು ಹುಡುಗರಿಗೆ ನೆಟ್ ಇಲ್ಲ. ಪರೀಕ್ಷಾ ಫಾರ್ಮ್ ತುಂಬೋದಿದೆ. ಅಷ್ಟು ಹೊತ್ತಲ್ಲಿ ಸರಿ ತಪ್ಪು ನೋಡ್ತಾ ಕೂರೋಕಾಗುತ್ತಾ?

ಗಂಗಾವತಿ_ತಂತಿ

ಸರಿ ತಪ್ಪು ಬಿಡ್ರಿ, ಕೆಲಸದ ಲೆಕ್ಕದಾಗೂ ಅದು ನಿಲ್ಲಂಗಿಲ್ಲ. ಆ ಹುಡುಗ ನೆಟ್ ಬರವಲ್ದು ಅಂತ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ಹತ್ತು ಸೆಕೆಂಡ್ ಒತ್ತಿದ ಅಂದ್ರ ಎಲ್ಲಾ ಕಾರ್ಖಾನೆ ಸ್ಥಿತಿಗೆ ಬಂತು, ಮತ್ತ ಶುರು. ಕೇಬಲ್ ಎಲ್ಲಿ ಐತಿ ಅಂತ ಕಣ್ಣಿಲೆ ನೋಡಿ ಜಾಗ ಬದಲಿಸೋದೇ ಖರೆ ಪರಿಹಾರ.

ಹುಡುಕೋ ದಾರಿ ಹೇಳ್ತೀನಿ. ಒಂದು ಲ್ಯಾಪ್‌ಟಾಪಿಗೆ ಕೈಯಿಂದಲೇ ಅಡ್ರೆಸ್ ಹಾಕ್ರಿ: 192.168.0.250, ಮಾಸ್ಕ್ 255.255.255.0. ಗೇಟ್‌ವೇ ಬ್ಯಾಡ. ವೈಫೈ ಬಂದ್ ಮಾಡ್ರಿ. ಆಫೀಸಿನಾಗ ಮೂರೂ ಮಹಡಿಯ ಕೇಬಲ್ ಸೇರೋ ಜಾಗದಾಗ ಖಾಲಿ ಪೋರ್ಟಿಗೆ ಲ್ಯಾಪ್‌ಟಾಪ್ ಹಚ್ಚಿ ಇದನ್ನ ಬಿಡ್ರಿ:

```
ping -t 192.168.0.1
```

ಉತ್ತರ ಬರಕೋತ ಇರ್ತೈತಿ. ಈಗ ಒಂದೊಂದೇ ಮಹಡಿಯ ಕೇಬಲ್ ಕೀಳ್ರಿ. ಕಿತ್ತ ಮ್ಯಾಲೆ ಹತ್ತು ಸೆಕೆಂಡ್ ಕಾಯ್ರಿ, ಯಾಕಂದ್ರ ವಿಂಡೋಸ್ ಪಿಂಗ್ ಒಂದೊಂದು ಸೋಲಿಗೆ ನಾಲ್ಕು ಸೆಕೆಂಡ್ ಕಾಯ್ತೈತಿ. ಯಾವ ಕೇಬಲ್ ಕಿತ್ತಾಗ ಉತ್ತರ ನಿಂತ್ರ ಸಣ್ಣ ರೌಟರ್ ಆ ಮಹಡಿಯಾಗ ಐತಿ.

ಆಮ್ಯಾಲೆ ಲ್ಯಾಪ್‌ಟಾಪ್ ತಗೊಂಡು ಆ ಮಹಡಿಯ ಸ್ವಿಚ್ಚಿಗೇ ಹಚ್ಚಬೇಕು. 12 ರೂಮಿನ ಕೇಬಲಿನಾಗ 6 ಕೀಳ್ರಿ. ಪಿಂಗ್ ನಿಂತ್ರ ಕಿತ್ತ ಆರರಾಗ ಐತಿ, ನಿಲ್ಲದಿದ್ರ ಉಳಿದ ಆರರಾಗ. ಆ ಆರರಾಗ 3, ಹಿಂಗ ಹೋದ್ರ ಹೆಚ್ಚಂದ್ರ ನಾಲ್ಕು ಸಲ ಕೀಳೋದರಾಗ ರೂಮು ಸಿಗ್ತೈತಿ. ಕೀಳೋ ಮುಂಚೆ ಪ್ರತಿ ಕೇಬಲಿಗೂ ರೂಮ್ ನಂಬರಿನ ಚೀಟಿ ಅಂಟಿಸ್ರಿ. ಅದನ್ನ ಬಿಟ್ರ ಕಟ್ಟೋವಾಗ ಹೊಸ ತಲೆನೋವು.

ಆಫೀಸಿನ ರೌಟರಿನಾಗ ಖಾಲಿ ಪೋರ್ಟ್ ಇಲ್ಲದಿದ್ರ ಒಂದು 5 ಪೋರ್ಟಿನ ಸ್ವಿಚ್ ನಡುವ ಹಾಕ್ರಿ.

ಬಳ್ಳಾರಿ_ಕೇಬಲ್

ಒಂದು ಸೇರಿಸ್ತೀನಿ. ಹಗಲು ಹನ್ನೊಂದಕ್ಕೆ ಈ ಕೆಲಸ ಮಾಡಬೇಡಿ. ಹುಡುಗರು ಕ್ಲಾಸಿಗೆ ಹೋಗುವಾಗ ರೂಮಿನ ಪ್ಲಗ್ ಆಫ್ ಮಾಡಿ ಹೋಗಿರ್ತಾರೆ, ಸಣ್ಣ ರೌಟರ್ ಮಲಗಿರ್ತದೆ, ಪಿಂಗೇ ಬರಲ್ಲ. ರಾತ್ರಿ ಊಟ ಆದ್ಮೇಲೆ ಮಾಡಿ. ಹತ್ತು ನಿಮಿಷ ನೆಟ್ ಹೋಗುತ್ತೆ ಅಂತ ಮೊದಲೇ ನೋಟೀಸ್ ಬೋರ್ಡಿಗೆ ಹಾಕಿ. ಮಹಡಿ ಗೊತ್ತಾದ್ಮೇಲೆ ಫೋನಲ್ಲಿ ವೈಫೈ ಅಳೆಯೋ ಆ್ಯಪ್ ಹಾಕ್ಕೊಂಡು ವರಾಂಡದಲ್ಲಿ ನಡೆದ್ರೂ ಸಿಗುತ್ತೆ. ನಿಮ್ಮದಲ್ಲದ ವೈಫೈ ಹೆಸರು ಯಾವ ಬಾಗಿಲ ಮುಂದೆ ಜೋರಾಗಿ ತೋರಿಸುತ್ತೋ ಅದೇ ರೂಮು.

ಗಂಗಾವತಿ_ತಂತಿ

ವೈಫೈ ಹೆಸರು ನೋಡಿ ಹೇಳೋದು ಕಷ್ಟ ಅಣ್ಣಾ, ಹುಡುಗರ ಫೋನಿನ ಹಾಟ್‌ಸ್ಪಾಟೇ ಹತ್ತಿಪ್ಪತ್ತು ಇರ್ತಾವ. ಆದ್ರ ಒಂದು ಗುರುತು ಐತಿ. ಪಿಂಗ್ ಮಾಡಿದ ಲ್ಯಾಪ್‌ಟಾಪಿನಾಗ `arp -a` ಹೊಡೆದ್ರ 192.168.0.1 ಮುಂದ ಅದರ ಮ್ಯಾಕ್ ಅಡ್ರೆಸ್ ಬರ್ತೈತಿ. ಒಂದೇ ರೌಟರಿನ ಲ್ಯಾನ್ ಮ್ಯಾಕು, ವೈಫೈ ಮ್ಯಾಕು ಬಾಳ ಸಲ ಕೊನೆಯ ಅಂಕಿ ಒಂದೆರಡು ಆಚೀಚೆ ಇರ್ತಾವ. ವೈಫೈ ಆ್ಯಪಿನಾಗ ಹಂಗ ಹೊಂದೋ ಹೆಸರು ಯಾವುದು ನೋಡ್ರಿ. ಎಲ್ಲಾ ಮಾಡೆಲ್ಲಿಗೂ ಇದು ನಿಲ್ಲಂಗಿಲ್ಲ, ಹೊಂದಿದ್ರ ಕೇಬಲ್ ಕೀಳೋ ಕೆಲಸ ಉಳೀತೈತಿ.

ಮಸ್ಕಿ_ಮಂಜು

ಇಷ್ಟೆಲ್ಲ ಯಾಕ್ರಿ, ಎಲ್ಲಾ ಲ್ಯಾಪ್‌ಟಾಪಿಗೂ ಕೈಯಿಂದ ಅಡ್ರೆಸ್ ಹಾಕಿಬಿಡ್ರಿ. 192.168.10.ಏನೋ, ಗೇಟ್‌ವೇ 192.168.10.1. ಯಾವ ರೌಟರಿಗೂ ಕೇಳೋದೇ ಬೇಡ.

ಸಿಂಧನೂರು_ಲ್ಯಾಬ್

ಒಂದಿಬ್ಬರಿಗೆ ತುರ್ತಾಗಿ ಮಾಡಬಹುದು, ಮಂಜು ಅವರೇ. ಆದರೆ ಮೇನ್ ರೌಟರ್ ತಾನಾಗಿ ಹಂಚುವ 201 ಅಡ್ರೆಸ್ಸುಗಳ ಹೊರಗಿನದನ್ನೇ ಕೊಡಬೇಕು. ಹುಡುಗರೇ ಒಬ್ಬರನ್ನೊಬ್ಬರು ನೋಡಿ 192.168.10.87 ಅಂತ ಹಾಕಿಕೊಂಡರೆ ಅದು ಈಗಾಗಲೇ ಯಾರದೋ ಆಗಿರುತ್ತದೆ, ಇಬ್ಬರಿಗೂ ಬಿಟ್ಟು ಬಿಟ್ಟು ನಡೆಯುತ್ತದೆ. ಅದೇ ಲ್ಯಾಪ್‌ಟಾಪ್ ಊರಿಗೆ ಹೋದಾಗ ಮನೆಯ ವೈಫೈಯಲ್ಲೂ ನೆಟ್ ಬರದೇ ಹೋಗಬಹುದು.

ರಾಯಚೂರು_ಹಾಸ್ಟೆಲ್

ಸಿಕ್ತು! ಊಟ ಮುಗಿದ ಮ್ಯಾಲೆ ಶುರು ಮಾಡಿದ್ವಿ. ಎರಡನೇ ಮಹಡಿಯ ಕೇಬಲ್ ಕಿತ್ತ ಕೂಡಲೇ ಪಿಂಗ್ ನಿಂತ್ತು. ಮ್ಯಾಲೆ ಹೋಗಿ ಸ್ವಿಚ್ಚಿಗೆ ಹಚ್ಚಿ 13ರಿಂದ 18ರ ತನಕ ಕಿತ್ತೆ, ಪಿಂಗ್ ನಡೀತಾನೇ ಇತ್ತು. 19, 20, 21 ಕಿತ್ತೆ, ನಿಂತ್ತು. ವಾಪಸ್ ಒಂದೊಂದೇ ಹಾಕಿದೆ, 20ಕ್ಕ ಹಾಕಿದಾಗ ಬಂತು. ರೂಮಿಗೆ ಹೋಗಿ ನೋಡಿದ್ರ ಗಂಗಾವತಿ ಅಣ್ಣ ಹೇಳಿದಂಗೇ, ಗೋಡೆಯ ಕೇಬಲ್ ಲ್ಯಾನ್ 1ಕ್ಕ ಇತ್ತು, ವ್ಯಾನ್ ಖಾಲಿ.

ಹುಡುಗರ ಮಾತೂ ಕೇಳಿದೆ. ಆ ರೂಮು ಮೂಲಿಯಾಗ ಅದ, ವರಾಂಡದ ವೈಫೈ ಮುಟ್ಟಂಗಿಲ್ಲ, ಮೂವರಿಗೆ ಒಂದೇ ಪಾಯಿಂಟ್. ಅದಕ್ಕ ತಂದಾರ. ತಪ್ಪು ಹೇಳಂಗಿಲ್ಲ. ದಂಡ ಬ್ಯಾಡ ಅಂತ ವಾರ್ಡನ್ ಸರ್‌ಗೆ ಹೇಳೀನಿ.

ಈಗ ರೌಟರ್ ಕಿತ್ತು ಅರ್ಧ ತಾಸಾಯ್ತು, ಆದ್ರೂ 22ರಾಗ ನೆಟ್ ಇಲ್ಲ.

ಗಂಗಾವತಿ_ತಂತಿ

ಅದು ಹಂಗೇ ಆಗಬೇಕು. ಅಡ್ರೆಸ್ ಅನ್ನೋದು ಅವಧಿಗೆ ಕೊಡೋ ಗೇಣಿ ಇದ್ದಂಗ. ಸಣ್ಣ ರೌಟರ್ ಎರಡು ತಾಸಿಗೆ ಕೊಟ್ಟಿತ್ತು ಅಂತ ಇಟ್ಕೊಳ್ರಿ. ಅರ್ಧ ಅವಧಿ, ಅಂದ್ರ ಒಂದು ತಾಸಿಗೆ, ಲ್ಯಾಪ್‌ಟಾಪ್ ಕೊಟ್ಟವನನ್ನೇ ಹುಡುಕಿ "ಮುಂದುವರಿಸು" ಅಂತ ಕೇಳ್ತೈತಿ. ಕೊಟ್ಟವ ಈಗ ಇಲ್ಲ. ಅವಧಿಯ ಎಂಟರಾಗ ಏಳು ಪಾಲು ಮುಗಿದಾಗ, ಅಂದ್ರ ಒಂದೂ ಮುಕ್ಕಾಲು ತಾಸಿಗೆ, ಎಲ್ಲರಿಗೂ ಕೂಗಿ ಕೇಳ್ತೈತಿ. ಆಗ ಮೇನ್ ರೌಟರ್ "ಈ ಅಡ್ರೆಸ್ ನಮ್ಮದಲ್ಲ" ಅಂತೈತಿ, ಲ್ಯಾಪ್‌ಟಾಪ್ ಹೊಸದು ತಗೋತೈತಿ. ಅವಧಿ 24 ತಾಸು ಇದ್ರ ಇದಕ್ಕ 21 ತಾಸು ಹಿಡೀತೈತಿ. `ipconfig /all`ನಾಗ `Lease Expires` ಸಾಲು ನೋಡಿದ್ರ ಎಷ್ಟು ಅಂತ ಗೊತ್ತಾಗ್ತೈತಿ.

ಕಾಯೋದು ಬ್ಯಾಡ ಅಂದ್ರ:

```
ipconfig /release
ipconfig /renew
```

ಫೋನಿಗಾದ್ರ ವೈಫೈ ಬಂದ್ ಮಾಡಿ ಆನ್ ಮಾಡಿದ್ರ ಸಾಮಾನ್ಯವಾಗಿ ಸಾಕು. ಆಗದಿದ್ರ ಆ ವೈಫೈ ಹೆಸರು ಮರೆಸಿ ಮತ್ತ ಸೇರ್ರಿ. ಈಗ ಉತ್ತರ ಕೊಡೋವ ಒಬ್ಬನೇ, ಹೆದರಿಕೆ ಇಲ್ಲ.

20ನೇ ರೂಮಿನವರಿಗೆ ರೌಟರ್ ವಾಪಸ್ ಕೊಡ್ರಿ. ಗೋಡೆಯ ಕೇಬಲ್ ವ್ಯಾನ್ ಪೋರ್ಟಿಗೆ, ನೆಟ್ ವಿಧಾನ ಡೈನಾಮಿಕ್ ಐಪಿ. ಆಗ ಅವರ ರೂಮಿನ ವೈಫೈಗೆ ಮಾತ್ರ ಅದು ಅಡ್ರೆಸ್ ಕೊಡ್ತೈತಿ, ಹೊರಗ ಬಾಯಿ ಹಾಕಂಗಿಲ್ಲ. ಅದರ ಅಡ್ರೆಸ್ 192.168.10 ಸಾಲಿನದು ಮಾತ್ರ ಆಗಬಾರದು. 192.168.0.1 ಇದ್ರ ಹಂಗೇ ಬಿಡ್ರಿ.

ಬಳ್ಳಾರಿ_ಕೇಬಲ್

ವ್ಯಾನ್ ಪೋರ್ಟಿನ ಮೇಲೆ ಬಣ್ಣದ ಟೇಪ್ ಸುತ್ತಿ, ಉಳಿದ ನಾಲ್ಕಕ್ಕೆ "ಗೋಡೆ ಕೇಬಲ್ ಬೇಡ" ಅಂತ ಚೀಟಿ ಹಚ್ಚಿ ಕೊಡಿ. ರೂಮ್ ಗುಡಿಸೋವಾಗ ಕೇಬಲ್ ಕಿತ್ತು ಸಿಕ್ಕ ತೂತಿಗೆ ಹಾಕ್ತಾರೆ.

ರಾಯಚೂರು_ಹಾಸ್ಟೆಲ್

22 ಸರಿಯಾಯ್ತು. ಮುಂದ ಯಾರರ ಮತ್ತ ತಂದ್ರ ಇದೇ ಗತಿ ಆಗಬಾರದಲ್ಲ, ಏನು ಮಾಡಬೇಕು?

ಸಿಂಧನೂರು_ಲ್ಯಾಬ್

ಮಹಡಿಯ ಸಾದಾ ಸ್ವಿಚ್ ತೆಗೆದು ಮ್ಯಾನೇಜ್ಡ್ ಸ್ವಿಚ್ ಹಾಕಬೇಕು, ಅದರಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಇರಬೇಕು. ಆಫೀಸಿನ ಕಡೆಯಿಂದ ಬರುವ ಒಂದು ಪೋರ್ಟನ್ನು ಮಾತ್ರ ನಂಬು ಎಂದು ಅದಕ್ಕೆ ಹೇಳುತ್ತೇವೆ. ರೂಮಿನ ಪೋರ್ಟಿನಿಂದ ಅಡ್ರೆಸ್ ಕೇಳುವ ಮಾತು ಬಂದರೆ ಬಿಡುತ್ತದೆ, ಅಡ್ರೆಸ್ ಕೊಡುವ ಮಾತು ಬಂದರೆ ಅಲ್ಲೇ ತಡೆಯುತ್ತದೆ. ಸಿಸ್ಕೋ ಸ್ವಿಚ್ಚಿನಲ್ಲಿ ಇಷ್ಟು:

```
ip dhcp snooping
ip dhcp snooping vlan 1
no ip dhcp snooping information option
interface GigabitEthernet0/1
 ip dhcp snooping trust
```

ಇಲ್ಲಿ 0/1 ಎಂದರೆ ಆಫೀಸಿನ ಕೇಬಲ್ ಬರುವ ಪೋರ್ಟ್, ನಿಮ್ಮಲ್ಲಿ ಯಾವುದೋ ಅದನ್ನು ಹಾಕಿ. ಎಲ್ಲರೂ ಎಡವುವುದು ಎರಡು ಕಡೆ. ಟ್ರಸ್ಟ್ ಸಾಲು ಮರೆತರೆ ಮೇನ್ ರೌಟರಿನ ಉತ್ತರವೂ ನಿಂತು ಇಡೀ ಮಹಡಿಗೆ ಅಡ್ರೆಸ್ ಸಿಗುವುದಿಲ್ಲ, ಆದ್ದರಿಂದ ಇಂಟರ್‌ಫೇಸ್ ಸಾಲಿನ ಜೊತೆ ಆ ಸಾಲನ್ನೇ ಮೊದಲು ಹೊಡೆಯಿರಿ. ಮೂರನೇ ಸಾಲು ಬಿಟ್ಟರೆ ಸ್ವಿಚ್ ಪ್ರತಿ ಕೋರಿಕೆಗೂ ತನ್ನದೊಂದು ಟಿಪ್ಪಣಿ ಅಂಟಿಸಿ ಕಳಿಸುತ್ತದೆ, ಕೆಲವು ರೌಟರುಗಳು ಆ ಟಿಪ್ಪಣಿ ನೋಡಿ ಕೋರಿಕೆಯನ್ನೇ ಎಸೆದುಬಿಡುತ್ತವೆ.

ಸಿರುಗುಪ್ಪ_ಶಿವು

ಮೂರು ಸ್ವಿಚ್ ಯಾಕೆ, ಆಫೀಸಲ್ಲಿ ಒಂದು ಹಾಕಿದ್ರೆ ಸಾಲದಾ? ಎಲ್ಲ ಕೇಬಲ್ ಅಲ್ಲೇ ಸೇರುತ್ತಲ್ಲ. ಹಾಸ್ಟೆಲ್ಲಿಗೆ ಅಷ್ಟು ದುಡ್ಡು ಎಲ್ಲಿಂದ ಬರಬೇಕು?

ಸಿಂಧನೂರು_ಲ್ಯಾಬ್

ಒಂದು ಮಹಡಿಯ ಕೆಟ್ಟ ಉತ್ತರ ಬೇರೆ ಮಹಡಿಗೆ ಹೋಗುವುದನ್ನು ಅದು ತಡೆಯುತ್ತದೆ. ಆದರೆ 20ನೇ ರೂಮಿನ ಉತ್ತರ 22ಕ್ಕೆ ಹೋಗುವಾಗ ಆಫೀಸಿನವರೆಗೆ ಬರುವುದೇ ಇಲ್ಲ, ಮಹಡಿಯ ಸಾದಾ ಸ್ವಿಚ್ಚಿನಲ್ಲೇ ತಿರುಗಿಬಿಡುತ್ತದೆ. ಒಂದೇ ಮಹಡಿಯ 12 ರೂಮಿಗೆ ರಕ್ಷಣೆ ಇರುವುದಿಲ್ಲ.

ಗಂಗಾವತಿ_ತಂತಿ

ದುಡ್ಡಿಲ್ಲ ಅಂದ್ರ ಶಿವು ಹೇಳಿದ್ದೂ ತಪ್ಪಲ್ಲ ಮೇಡಂ. ತೊಂದರೆ 36 ರೂಮಿಂದ 12ಕ್ಕ ಇಳೀತೈತಿ, ಯಾವ ಮಹಡಿ ಅಂತ ತಾನೇ ಗೊತ್ತಾಗ್ತೈತಿ. ಮೊದಲು ಒಂದು ಹಾಕಿ, ಮುಂದಿನ ವರ್ಷ ಉಳಿದದ್ದು.

ಸಿಂಧನೂರು_ಲ್ಯಾಬ್

ಅರ್ಧ ಕೆಲಸ ಮಾಡಿದರೆ ಮುಂದಿನ ವರ್ಷ ಯಾರೂ ಕೇಳುವುದಿಲ್ಲ. ಎರಡನೇ ಮಹಡಿಗಾದರೂ ಪೂರ್ತಿ ಮಾಡಿ ಎಂಬುದೇ ನನ್ನ ಮಾತು.

ರಾಯಚೂರು_ಹಾಸ್ಟೆಲ್

ಎರಡೂ ಲೆಕ್ಕ ಬರೆದು ವಾರ್ಡನ್ ಸರ್‌ಗೆ ಕೊಡ್ತೀನಿ.

ಆದ್ರ ಇನ್ನೊಂದು ಬಂತು. ರಾತ್ರಿ 33ನೇ ರೂಮಿನ ಹುಡುಗ ಫೋನ್ ತೋರಿಸಿದ. ನೆಟ್ ಅದ, ಆದ್ರ ಬಾಳ ನಿಧಾನ. ಅಡ್ರೆಸ್ ನೋಡಿದ್ರ 192.168.137.42, ಗೇಟ್‌ವೇ 192.168.137.1. 20ನೇ ರೂಮಿನ ರೌಟರ್ ಆ ಹೊತ್ತಿಗೆ ನನ್ನ ಟೇಬಲ್ ಮ್ಯಾಲೇ ಇತ್ತು.

ಗಂಗಾವತಿ_ತಂತಿ

ಅದು ರೌಟರ್ ಅಲ್ಲ, ಬಾಳ ಮಾಡಿ ವಿಂಡೋಸ್ ಲ್ಯಾಪ್‌ಟಾಪ್. ವಿಂಡೋಸಿನಾಗ ತನ್ನ ನೆಟ್ ಬೇರೆಯವರಿಗೆ ಹಂಚೋ ಸೌಲಭ್ಯ ಐತಿ, ಅದು ಆನ್ ಆದಾಗ ತನಗ 192.168.137.1 ಇಟ್ಕೊಂಡು ಆ ಸಾಲಿನ ಅಡ್ರೆಸ್ ಹಂಚೋಕೆ ಶುರು ಮಾಡ್ತೈತಿ. ಯಾರೋ ಫೋನಿನ ಹಾಟ್‌ಸ್ಪಾಟ್ ವೈಫೈಯಿಂದ ತಗೊಂಡು, ಅದನ್ನ ಕೇಬಲ್ ಕಡೆ ಹಂಚೋದಕ್ಕ ಟಿಕ್ ಹಾಕಿ, ಅದೇ ಲ್ಯಾಪ್‌ಟಾಪಿಗೆ ಗೋಡೆಯ ಕೇಬಲ್ಲೂ ಚುಚ್ಯಾರ. ನೆಟ್ ಇದ್ದೂ ನಿಧಾನ ಇರೋದು ಅದಕ್ಕ. 33ನೇ ರೂಮಿನವ ನೋಡ್ತಿರೋದು ಯಾವನದೋ ಫೋನಿನ ಡೇಟಾ.

ಕುಷ್ಟಗಿ ತಮ್ಮಾ, ನಿನ್ನ ಪ್ರಶ್ನೆ ಬೇರೆ ಅಂತ ಬಿಟ್ಟಿದ್ವಿ. ನಿನ್ನ ಲ್ಯಾಪ್‌ಟಾಪಿಗೆ ಹಾಸ್ಟೆಲ್ ಕೇಬಲ್ಲೂ ಹಚ್ಚಿರ್ತೀಯೇನು? `ncpa.cpl` ತೆರೆದು ವೈಫೈ ಮ್ಯಾಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಾಗ ಶೇರಿಂಗ್ ಪುಟ ನೋಡು. ಮೊದಲ ಟಿಕ್ ಇದ್ರ ತೆಗಿ.

ಕುಷ್ಟಗಿ_ಹುಡುಗ

ಹಚ್ಚಿರ್ತೀನಿ ಅಣ್ಣಾ, ಯಾವಾಗಲೂ ಹಚ್ಚೇ ಇರ್ತೈತಿ! ಲ್ಯಾಪ್‌ಟಾಪ್ ದೋಸ್ತ್ ಊರಿಗೆ ತಗೊಂಡು ಹೋಗ್ಯಾನ, ಸೋಮವಾರ ಬರ್ತಾನ. ನೋಡಿ ಹೇಳ್ತೀನಿ.

ರಾಯಚೂರು_ಹಾಸ್ಟೆಲ್

ಇಲ್ಲಿ ಪಿಂಗ್ ಹಚ್ಚೋಷ್ಟೊತ್ತಿಗೆ ಅದು ಮಾಯ ಆಗ್ಯದ, 192.168.137.1 ಉತ್ತರ ಕೊಡವಲ್ದು. ಲ್ಯಾಪ್‌ಟಾಪ್ ಮುಚ್ಚಿದ್ರಂತ ಕಾಣ್ತದ.

ಬಳ್ಳಾರಿ_ಕೇಬಲ್

ಮುಚ್ಚಿ ತೆಗೆಯೋ ಯಂತ್ರನ ಕೇಬಲ್ ಕಿತ್ತು ಹಿಡಿಯೋದು ಕಷ್ಟ. ಒಂದು ಲ್ಯಾಪ್‌ಟಾಪಿಗೆ 192.168.137.250 ಹಾಕಿ ಮೂರನೇ ಮಹಡಿಯ ಸ್ವಿಚ್ ಹತ್ರ ಪಿಂಗ್ ಬಿಟ್ಟು ಇಡಿ. ರಾತ್ರಿ ಉತ್ತರ ಬಂದ ಕೂಡಲೇ ಕೀಳೋಕೆ ಶುರು ಮಾಡಿ. ಮೂರನೇ ಮಹಡಿಯೇ ಅಂತ ಗ್ಯಾರಂಟಿ ಇಲ್ಲ ಮತ್ತೆ, ಆಫೀಸಿಂದಲೇ ಶುರು ಮಾಡಬೇಕಾಗಬಹುದು.

ರಾಯಚೂರು_ಹಾಸ್ಟೆಲ್

ಇವತ್ತು ರಾತ್ರಿ ಒಂಬತ್ತಕ್ಕ ಆಫೀಸಿನಾಗ ಕೂಡ್ತೀನಿ. `arp -a`ದಾಗ ಮ್ಯಾಕ್ ಸಿಕ್ರ ಮೊದಲು ಬರೆದಿಟ್ಕೋತೀನಿ.